ಬೋನಾಫೈಡ್ ಮತ್ತು ನಡತೆ ಪ್ರಮಾಣ ಪತ್ರ: ಯಾವುದರಲ್ಲಿ ಏನು ಬರೆದಿರಬೇಕು, ಯಾರ ಸಹಿ ಬೇಕು

ಪಿಯು ಕಾಲೇಜಿನ ಆಫೀಸಿನಲ್ಲಿ ಕುಳಿತು ಇಂಥ ಪತ್ರಗಳನ್ನು ಬರೆದುಕೊಡುವುದು ನನ್ನ ಕೆಲಸ. ಕೌಂಟರಿಗೆ ಬರುವ ಹುಡುಗರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಸರ್, ಒಂದು ಬೋನಾಫೈಡ್ ಕೊಡಿ." ಯಾತಕ್ಕಪ್ಪಾ ಅಂದರೆ, "ಅವರು ತಗೊಂಡು ಬಾ ಅಂದ್ರು" ಅನ್ನುತ್ತಾರೆ. ಪತ್ರ ಬರೆದು, ಸಹಿ ಮಾಡಿಸಿ, ಸೀಲು ಹಾಕಿ ಕೊಡುತ್ತೇವೆ. ನಾಲ್ಕು ದಿನ ಬಿಟ್ಟು ಅದೇ ಹುಡುಗ ವಾಪಸ್ ಬರುತ್ತಾನೆ. "ಇದಲ್ಲ ಅಂತೆ ಸರ್."

ಪತ್ರದಲ್ಲಿ ತಪ್ಪಿರಲಿಲ್ಲ. ಕೇಳಿದವರಿಗೆ ಬೇಕಾಗಿದ್ದ ಮಾತು ಅದರಲ್ಲಿರಲಿಲ್ಲ, ಅಷ್ಟೇ. ಆದ್ದರಿಂದ ಶಾಲೆಯ ಬಾಗಿಲಿಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿಸಿಕೊಳ್ಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ.

## 1. ಕೇಳಿದವರ ಪಟ್ಟಿಯಲ್ಲಿರುವ ಸಾಲನ್ನು ಹಾಗೆಯೇ ಬರೆದುಕೊಳ್ಳಿ

ಬ್ಯಾಂಕು, ಸ್ಕಾಲರ್‌ಶಿಪ್, ಸೈನ್ಯದ ಭರ್ತಿ, ಸಿಇಟಿ ದಾಖಲೆ ಪರಿಶೀಲನೆ, ಹೀಗೆ ಯಾರು ಕೇಳಿದರೂ ಅವರದ್ದೊಂದು ದಾಖಲೆ ಪಟ್ಟಿ ಇರುತ್ತದೆ. ಆ ಪಟ್ಟಿಯ ಸಾಲನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾರೋ ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿ ಹೊರಡಬೇಡಿ.

ಆ ಸಾಲಿನಲ್ಲಿ ನಾಲ್ಕು ವಿಷಯ ಹುಡುಕಿ. ಪತ್ರದ ಹೆಸರೇನು? ಯಾರ ಸಹಿ ಕೇಳಿದ್ದಾರೆ? ಎಷ್ಟು ಹೊಸದಾಗಿರಬೇಕು? ಅವರೇ ಕೊಟ್ಟಿರುವ ನಮೂನೆ ಇದೆಯಾ? ನಮೂನೆ ಇದ್ದರೆ ಅದನ್ನೇ ಪ್ರಿಂಟ್ ತೆಗೆದು ಒಯ್ಯಿರಿ. ಸ್ಕಾಲರ್‌ಶಿಪ್ ಪೋರ್ಟಲ್‌ಗಳು ಸಾಮಾನ್ಯವಾಗಿ ತಮ್ಮದೇ ಬೋನಾಫೈಡ್ ನಮೂನೆ ಕೊಡುತ್ತವೆ. ಅಲ್ಲಿ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಎಷ್ಟೇ ಚೆನ್ನಾಗಿ ಬರೆಸಿಕೊಂಡು ಹೋದರೂ ಉಪಯೋಗವಿಲ್ಲ.

## 2. ಮೂರು ಪತ್ರಗಳನ್ನು ಬೇರೆ ಬೇರೆಯಾಗಿ ಗುರುತಿಸಿ

ವಿಷಯ ಎರಡೇ ಪತ್ರದ್ದು ಅನ್ನಿಸಿದರೂ, ನಿಜವಾಗಿ ಗೊಂದಲ ಎಬ್ಬಿಸುವುದು ಮೂರನೆಯದು. ಗುರುತಿಸುವುದು ಸುಲಭ. ಪತ್ರದ ಕ್ರಿಯಾಪದ ನೋಡಿ.

"ಓದುತ್ತಿದ್ದಾನೆ" ಅಂದರೆ ಬೋನಾಫೈಡ್. ಈ ವಿದ್ಯಾರ್ಥಿ ಇವತ್ತಿಗೆ ನಮ್ಮಲ್ಲಿ, ಈ ತರಗತಿಯಲ್ಲಿ, ಈ ಶೈಕ್ಷಣಿಕ ವರ್ಷದಲ್ಲಿ ಓದುತ್ತಿದ್ದಾನೆ ಎಂದಷ್ಟೇ ಅದು ಹೇಳುತ್ತದೆ. ಹೆಸರು, ತಂದೆ ಅಥವಾ ತಾಯಿಯ ಹೆಸರು, ತರಗತಿ, ವಿಭಾಗ, ದಾಖಲಾತಿ ಸಂಖ್ಯೆ, ಶೈಕ್ಷಣಿಕ ವರ್ಷ ಇರಬೇಕು. ಹುಟ್ಟಿದ ದಿನಾಂಕ, ಫೀಸಿನ ವಿವರ, ಹಾಸ್ಟೆಲ್ ವಿಳಾಸ ಇವೆಲ್ಲ ಕೇಳಿದರೆ ಮಾತ್ರ ಸೇರಿಸುವಂಥವು. ಕಾಲೇಜು ಬಿಟ್ಟವರಿಗೆ ಬೋನಾಫೈಡ್ ಕೊಡಲು ಬರುವುದಿಲ್ಲ. ಕೊಟ್ಟರೆ ಅದು ಸುಳ್ಳು ಪತ್ರ.

"ಓದಿದ್ದಾನೆ" ಅಂದರೆ ವ್ಯಾಸಂಗ ಪ್ರಮಾಣ ಪತ್ರ. ಸ್ಟಡಿ ಸರ್ಟಿಫಿಕೇಟ್ ಅನ್ನುತ್ತೇವಲ್ಲ, ಅದು. ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಇಂಥ ತರಗತಿಯಿಂದ ಇಂಥ ತರಗತಿಯವರೆಗೆ ಇಲ್ಲಿ ಓದಿದ್ದಾನೆ ಎಂದು ಬರೆಯುತ್ತಾರೆ. ಸಿಇಟಿಗೆ ಬೇಕಾಗುವುದು ಇದು. ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದನ್ನು ತೋರಿಸಲು, ಗ್ರಾಮೀಣ ಕೋಟಾಕ್ಕೆ, ಕನ್ನಡ ಮಾಧ್ಯಮ ಕೋಟಾಕ್ಕೆ ಇದರದ್ದೇ ಬೇರೆ ಬೇರೆ ನಮೂನೆಗಳಿವೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳಲ್ಲಿ 1ರಿಂದ 10ನೇ ತರಗತಿವರೆಗಿನ ಪೂರ್ತಿ ಲೆಕ್ಕ ಬೇಕು.

"ನಡತೆ ಉತ್ತಮವಾಗಿತ್ತು" ಅಂದರೆ ನಡತೆ ಪ್ರಮಾಣ ಪತ್ರ. ಕ್ಯಾರೆಕ್ಟರ್ ಸರ್ಟಿಫಿಕೇಟ್, ಕಂಡಕ್ಟ್ ಸರ್ಟಿಫಿಕೇಟ್ ಎರಡೂ ಇದೇ. ನಮ್ಮಲ್ಲಿ ಓದಿದ ಅವಧಿಯಲ್ಲಿ, ನಮಗೆ ತಿಳಿದ ಮಟ್ಟಿಗೆ ನಡತೆ ಹೀಗಿತ್ತು ಅನ್ನುವುದು ಇದರ ತಿರುಳು. ಅವಧಿ ಬರೆಯದ ನಡತೆ ಪತ್ರ ಅರ್ಧ ಪತ್ರ. ಶಾಲೆ ಬಿಟ್ಟ ಮೇಲಿನ ನಿಮ್ಮ ಬದುಕಿನ ಬಗ್ಗೆ ಹೆಡ್‌ಮಾಸ್ಟರಿಗೆ ಹೇಳಲು ಆಗುವುದಿಲ್ಲ, ಹೇಳಲೂಬಾರದು. ನಿಮ್ಮ ಮೇಲೆ ಪೊಲೀಸ್ ಕೇಸ್ ಇಲ್ಲ ಅನ್ನುವ ಪತ್ರ ಬೇಕಿದ್ದರೆ ಅದನ್ನು ಪೊಲೀಸ್ ಇಲಾಖೆಯೇ ಕೊಡಬೇಕು.

ಇಲ್ಲೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಬೋನಾಫೈಡಿನ ಕೊನೆಗೆ "ಇವನ ನಡತೆ ಉತ್ತಮವಾಗಿದೆ" ಎಂದು ಒಂದು ಸಾಲು ಇರುತ್ತದೆ. ಅದನ್ನೇ ನಡತೆ ಪತ್ರ ಅಂದುಕೊಂಡು ಒಯ್ಯುತ್ತಾರೆ. ಟಿಸಿಯಲ್ಲಿ ನಡತೆಯ ಕಾಲಂ ಇದ್ದರೆ ಅದನ್ನೂ ಹಾಗೆಯೇ ತೋರಿಸುತ್ತಾರೆ. ಪಟ್ಟಿಯಲ್ಲಿ ನಡತೆ ಪತ್ರವನ್ನು ಬೇರೆಯಾಗಿ ಕೇಳಿದ್ದರೆ ಬೇರೆಯಾಗಿಯೇ ಕೊಡಬೇಕು.

ಇನ್ನೊಂದು ಉದಾಹರಣೆ ನೋಡಿ. ಕೇಂದ್ರ ಸರ್ಕಾರಿ ನೌಕರರು ಮಕ್ಕಳ ಶಿಕ್ಷಣ ಭತ್ಯೆಗೆ ಶಾಲೆಯಿಂದ ಪತ್ರ ತರುತ್ತಾರೆ. ಅಲ್ಲಿ ಬೇಕಾಗಿರುವುದು ಮಗು ಕಳೆದ ಶೈಕ್ಷಣಿಕ ವರ್ಷದಲ್ಲಿ ಆ ಶಾಲೆಯಲ್ಲಿ ಓದಿದೆ ಅನ್ನುವ ಮುಖ್ಯಸ್ಥರ ಮಾತು. ಎಲ್ಲರೂ ಅದನ್ನು ಬೋನಾಫೈಡ್ ಅಂತಲೇ ಕರೆಯುತ್ತಾರೆ. ಆಫೀಸಿನವರು ಅಭ್ಯಾಸಬಲದಿಂದ "ಪ್ರಸಕ್ತ ಸಾಲಿನಲ್ಲಿ ಓದುತ್ತಿದ್ದಾನೆ" ಎಂದು ಬರೆದುಬಿಟ್ಟರೆ ಬಿಲ್ಲು ವಾಪಸ್ ಬರುತ್ತದೆ. ಹೆಸರಿಗಿಂತ ಒಳಗಿನ ವಾಕ್ಯ ಮುಖ್ಯ ಅನ್ನುವುದು ಇದಕ್ಕೇ.

## 3. ಯಾರ ಸಹಿ ಅನ್ನುವುದನ್ನು ಮೊದಲೇ ಖಚಿತ ಮಾಡಿಕೊಳ್ಳಿ

ನಿಯಮ ಸರಳ. ಸಂಸ್ಥೆಯ ಶೈಕ್ಷಣಿಕ ಮುಖ್ಯಸ್ಥರು ಸಹಿ ಮಾಡಬೇಕು. ಶಾಲೆಯಾದರೆ ಮುಖ್ಯ ಶಿಕ್ಷಕರು. ಪಿಯು ಕಾಲೇಜು, ಡಿಗ್ರಿ ಕಾಲೇಜು, ಎಂಜಿನಿಯರಿಂಗ್ ಕಾಲೇಜಾದರೆ ಪ್ರಾಂಶುಪಾಲರು. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ ಎಂಎ, ಎಂಎಸ್ಸಿ ಓದುತ್ತಿದ್ದರೆ ಎಷ್ಟೋ ಕೆಲಸಕ್ಕೆ ವಿಭಾಗದ ಮುಖ್ಯಸ್ಥರ ಪತ್ರ ಸಾಕಾಗುತ್ತದೆ. ಪಟ್ಟಿಯಲ್ಲಿ ಕುಲಸಚಿವರ ಸಹಿ ಅಂತ ಇದ್ದರೆ ಅವರದ್ದೇ ಬೇಕು.

ಕ್ಲಾಸ್ ಟೀಚರ್ ಸಹಿ ನಡೆಯುವುದಿಲ್ಲ, ಅವರು ನಿಮ್ಮನ್ನು ಎಷ್ಟೇ ಚೆನ್ನಾಗಿ ಬಲ್ಲವರಾಗಿರಲಿ. ಆಡಳಿತ ಮಂಡಳಿಯ ಕಾರ್ಯದರ್ಶಿಯ ಸಹಿಯೂ ನಡೆಯುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಇದು ಆಗಾಗ ಆಗುತ್ತದೆ. ಸಂಸ್ಥೆಯ ಮಾಲೀಕರೇ ಆಫೀಸಿನಲ್ಲಿ ಕುಳಿತಿರುತ್ತಾರೆ, ಕೈಗೆ ಸಿಕ್ಕ ಪತ್ರಕ್ಕೆ ಸಹಿ ಹಾಕಿ ಕೊಡುತ್ತಾರೆ. ಪರಿಶೀಲನೆಯಲ್ಲಿ "ಹೆಡ್‌ಮಾಸ್ಟರ್ ಸಹಿ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ನಿವೃತ್ತರಾದ ಹಳೆಯ ಮೇಷ್ಟ್ರ ಹತ್ತಿರ ಸಹಿ ಹಾಕಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಪಾಪ, ಅವರು ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಪತ್ರದ ದಿನಾಂಕದಂದು ಆ ಕುರ್ಚಿಯಲ್ಲಿ ಯಾರಿದ್ದಾರೋ ಅವರದ್ದೇ ಸಹಿ.

ಪ್ರಾಂಶುಪಾಲರು ರಜೆಯಲ್ಲಿದ್ದರೆ ಪ್ರಭಾರದಲ್ಲಿರುವವರು ಸಹಿ ಮಾಡಬಹುದು. ಆಗ ಅವರ ಹೆಸರು ಮತ್ತು "ಪ್ರಭಾರ ಪ್ರಾಂಶುಪಾಲರು" ಅನ್ನುವುದು ಸಹಿಯ ಕೆಳಗೆ ಸ್ಪಷ್ಟವಾಗಿ ಇರಬೇಕು. ಪ್ರಾಂಶುಪಾಲರ ಸೀಲಿನ ಮೇಲೆ "ಪರವಾಗಿ" ಎಂದು ಗೀಚಿ ಯಾರೋ ಸಹಿ ಹಾಕಿದ ಪತ್ರವನ್ನು ತೆಗೆದುಕೊಂಡು ದೂರದ ಊರಿಗೆ ಹೋಗಬೇಡಿ. ಸಹಿಯ ರಬ್ಬರ್ ಸ್ಟ್ಯಾಂಪೂ ಬೇಡ. ಪೆನ್ನಿನ ಶಾಯಿಯಲ್ಲಿ ಮಾಡಿದ ಸಹಿ ಬೇಕು.

## 4. ಆಫೀಸಿಗೆ ಹೋಗುವ ಮುನ್ನ ಹೆಸರು ಹೊಂದಿಸಿ ನೋಡಿ

ನಾವು ಪತ್ರ ಬರೆಯುವುದು ನೀವು ಹೇಳಿದ್ದನ್ನು ಕೇಳಿಕೊಂಡಲ್ಲ. ದಾಖಲಾತಿ ರಿಜಿಸ್ಟರ್ ತೆಗೆದು, ಅಲ್ಲಿರುವುದನ್ನು ನೋಡಿ ಬರೆಯುತ್ತೇವೆ. ಆಧಾರ್‌ನಲ್ಲಿ "ಮಂಜುನಾಥ ಎಸ್" ಅಂತಿದ್ದು ರಿಜಿಸ್ಟರ್‌ನಲ್ಲಿ "ಮಂಜುನಾಥ ಶಿವಪ್ಪ" ಅಂತಿದ್ದರೆ, ಪತ್ರದಲ್ಲಿ ಬರುವುದು ಎರಡನೆಯದೇ. ಆಧಾರ್ ತೋರಿಸಿ "ಹೀಗೆ ಬರೆದುಕೊಡಿ" ಅಂದರೆ ನಮಗೆ ಬರೆಯಲು ಬರುವುದಿಲ್ಲ.

ಆದ್ದರಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಮತ್ತು ನೀವು ಹಾಕಿರುವ ಅರ್ಜಿ, ಮೂರನ್ನೂ ಪಕ್ಕದಲ್ಲಿ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಅದನ್ನು ಈ ಪತ್ರದಲ್ಲಿ ಸರಿಮಾಡಲು ಹೋಗಬೇಡಿ. ಅರ್ಜಿಯಲ್ಲಿ ಸರಿಮಾಡಲು ಅವಕಾಶ ಇದೆಯಾ ನೋಡಿ, ಇಲ್ಲವೆಂದರೆ ಆಧಾರ್ ಸರಿಮಾಡಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಅದು ಮಂಡಳಿಯ ಮೂಲಕ ಆಗುವ ದೊಡ್ಡ ಕೆಲಸ. ಪರಿಶೀಲನೆಗೆ ಎರಡು ದಿನ ಇರುವಾಗ ಆಗುವಂಥದ್ದಲ್ಲ.

ಕೈಯಲ್ಲಿ ಇಷ್ಟು ಇರಲಿ: ಕಾಲೇಜು ಐಡಿ ಅಥವಾ ಫೀಸ್ ರಸೀದಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೆರಾಕ್ಸ್, ಪಟ್ಟಿಯ ಫೋಟೊ, ನಮೂನೆ ಇದ್ದರೆ ಅದರ ಎರಡು ಪ್ರತಿ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ. ಶಾಲೆ ಬಿಟ್ಟವರು ಟಿಸಿಯ ಜೆರಾಕ್ಸ್ ತಪ್ಪದೆ ಒಯ್ಯಿರಿ. ಅದರಲ್ಲಿರುವ ದಾಖಲಾತಿ ಸಂಖ್ಯೆ ಸಿಕ್ಕರೆ ಇಪ್ಪತ್ತು ವರ್ಷದ ಹಿಂದಿನ ರಿಜಿಸ್ಟರ್ ಆದರೂ ಐದು ನಿಮಿಷದಲ್ಲಿ ಹುಡುಕಬಹುದು. ಸಂಖ್ಯೆ ಇಲ್ಲದೆ ಬಂದರೆ ಕಪಾಟಿನ ಧೂಳೆಲ್ಲ ಕೊಡವಬೇಕಾಗುತ್ತದೆ, "ನಾಳೆ ಬಾ" ಅನ್ನುವ ಮಾತು ಅಲ್ಲಿಂದಲೇ ಬರುತ್ತದೆ.

## 5. ಅರ್ಜಿಯಲ್ಲಿ ಉದ್ದೇಶ ಮತ್ತು ಭಾಷೆ ಬರೆಯಿರಿ

ಬಾಯಲ್ಲಿ ಕೇಳಿದರೆ ಮರೆತುಹೋಗುತ್ತದೆ. ಒಂದು ಹಾಳೆಯಲ್ಲಿ ಬರೆದುಕೊಡಿ. ಉದ್ದ ಬೇಡ, ಇಷ್ಟು ಸಾಕು:

> ಮಾನ್ಯ ಪ್ರಾಂಶುಪಾಲರಿಗೆ,
>
> ನಾನು ತಮ್ಮ ಕಾಲೇಜಿನಲ್ಲಿ …… ತರಗತಿಯಲ್ಲಿ ಓದುತ್ತಿದ್ದೇನೆ (ಅಥವಾ …… ರಿಂದ …… ರವರೆಗೆ ಓದಿದ್ದೇನೆ). ನನ್ನ ದಾಖಲಾತಿ ಸಂಖ್ಯೆ …… . …… ಸಲ್ಲಿಸಲು ನನಗೆ ನಡತೆ ಪ್ರಮಾಣ ಪತ್ರ ಬೇಕಾಗಿದೆ. ಪತ್ರ ಇಂಗ್ಲಿಷ್‌ನಲ್ಲಿ ಇರಬೇಕು, ಫೋಟೊ ಅಂಟಿಸಿರಬೇಕು ಎಂದು ಕೇಳಿದ್ದಾರೆ. ಎರಡು ಮೂಲ ಪ್ರತಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅವರ ಪಟ್ಟಿಯ ಪ್ರತಿ ಲಗತ್ತಿಸಿದ್ದೇನೆ.

ಭಾಷೆಯ ಮಾತು ಸಣ್ಣದು ಅನ್ನಿಸಬಹುದು. ಸರ್ಕಾರಿ ಶಾಲೆಗಳಲ್ಲಿ ಅಚ್ಚು ಹಾಕಿದ ಕನ್ನಡ ನಮೂನೆಯೇ ಇರುತ್ತದೆ, ಕೇಳದಿದ್ದರೆ ಅದರಲ್ಲೇ ಕೊಡುತ್ತೇವೆ. ಪತ್ರ ರಾಜ್ಯದ ಹೊರಗೆ ಹೋಗುವುದಾದರೆ ಅಥವಾ ಕೇಂದ್ರದ ನೇಮಕಾತಿಗಾದರೆ ಇಂಗ್ಲಿಷ್‌ನಲ್ಲಿ ಬೇಕು ಅಂತ ಮೊದಲೇ ಹೇಳಿ.

ಜೂನ್, ಜುಲೈ ತಿಂಗಳು ಅಡ್ಮಿಷನ್ ಗಲಾಟೆ. ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ ಪ್ರಾಂಶುಪಾಲರು ಕುರ್ಚಿಯಲ್ಲಿ ಸಿಗುವುದೇ ಕಷ್ಟ. ಈ ಸಮಯದಲ್ಲಿ ಒಂದು ವಾರ ಮುಂಚೆ ಅರ್ಜಿ ಕೊಡಿ. ಬೇರೆ ದಿನಗಳಲ್ಲಿ ಒಂದೆರಡು ದಿನದಲ್ಲಿ ಆಗುತ್ತದೆ.

## 6. ಕೌಂಟರ್ ಬಿಡುವ ಮೊದಲು ಪತ್ರ ಓದಿ

ಪತ್ರ ಕೈಗೆ ಬಂದ ಕೂಡಲೇ ಮಡಚಿ ಜೇಬಿಗೆ ಹಾಕಬೇಡಿ. ಅಲ್ಲೇ ನಿಂತು ಮೇಲಿಂದ ಕೆಳಗೆ ಓದಿ. ತಪ್ಪಿದ್ದರೆ ಆಗಲೇ ಹೊಸ ಪತ್ರ ಕೇಳಬಹುದು.

ಮೇಲೆ ಸಂಸ್ಥೆಯ ಹೆಸರು, ವಿಳಾಸ, ಪತ್ರದ ಸಂಖ್ಯೆ, ದಿನಾಂಕ ಇರಬೇಕು. ಈ ಪತ್ರ ನಿಜವಾ ಅಂತ ಯಾರಾದರೂ ಕಾಲೇಜಿಗೆ ಬರೆದು ಕೇಳಿದರೆ ನಾವು ನಮ್ಮ ವಹಿಯಲ್ಲಿ ಹುಡುಕುವುದು ಆ ಸಂಖ್ಯೆಯನ್ನೇ. ಸಂಖ್ಯೆಯ ಜಾಗ ಖಾಲಿ ಇದ್ದರೆ ಬರೆಸಿಕೊಳ್ಳಿ.

ನಮೂನೆಯಲ್ಲಿ "ಅವನು/ಅವಳು", "ಓದುತ್ತಿದ್ದಾರೆ/ಓದಿದ್ದಾರೆ" ಎಂದು ಎರಡೂ ಅಚ್ಚಾಗಿರುತ್ತದೆ. ಬೇಡದ್ದನ್ನು ಹೊಡೆದುಹಾಕಿದ್ದಾರಾ ನೋಡಿ. ಎರಡನ್ನೂ ಹಾಗೇ ಬಿಟ್ಟರೆ ಪತ್ರ ಏನನ್ನೂ ಹೇಳಿದಂತಾಗುವುದಿಲ್ಲ. ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಇದ್ದರೆ ಎರಡೂ ಒಂದೇ ಆಗಿರಬೇಕು. ಫೋಟೊ ಇದ್ದರೆ ಸೀಲು ಅರ್ಧ ಫೋಟೊ ಮೇಲೆ, ಅರ್ಧ ಹಾಳೆಯ ಮೇಲೆ ಬಿದ್ದಿರಬೇಕು. ಬರಿ ಹಾಳೆಯ ಮೇಲೆ ಸೀಲಿದ್ದರೆ ಯಾರು ಬೇಕಾದರೂ ಫೋಟೊ ಬದಲಿಸಬಹುದಲ್ವಾ, ಅದಕ್ಕೇ ಅಂಥ ಪತ್ರ ಒಪ್ಪುವುದಿಲ್ಲ.

ತಿದ್ದಿದ ಪತ್ರ, ವೈಟ್ನರ್ ಬಳಿದ ಪತ್ರ ಮಾತ್ರ ಬೇಡವೇ ಬೇಡ. "ಪರವಾಗಿಲ್ಲ, ಪಕ್ಕದಲ್ಲಿ ಸಹಿ ಹಾಕ್ತೀನಿ" ಅಂದರೂ ವಿನಯದಿಂದ ಹೊಸದನ್ನೇ ಕೇಳಿ. ನಡತೆಯ ಜಾಗದಲ್ಲಿ ಏನು ಬರೆದಿದ್ದಾರೆ ಅನ್ನುವುದನ್ನೂ ಓದಿ. ಆ ಜಾಗ ಖಾಲಿ ಬಿಟ್ಟು ಸಹಿ ಮಾಡಿದ ಪತ್ರಗಳು ನನ್ನ ಕೈಗೇ ಬಂದಿವೆ. ಅದನ್ನು ನೀವೇ ತುಂಬಲು ಹೋಗಬೇಡಿ. ಅಕ್ಷರದ ಶೈಲಿ, ಶಾಯಿ ಬೇರೆಯಾದರೆ ಕಣ್ಣಿಗೆ ಹೊಡೆಯುತ್ತದೆ. ಆಗ ಅನುಮಾನ ಬರುವುದು ನಿಮ್ಮ ಮೇಲೆ.

## 7. ಮೇಲುಸಹಿ ಬೇಕಿದ್ದರೆ ಸರಿಯಾದ ತಾಲ್ಲೂಕಿಗೆ ಹೋಗಿ

ಬೋನಾಫೈಡ್‌ಗೆ, ನಡತೆ ಪತ್ರಕ್ಕೆ ಸಾಮಾನ್ಯವಾಗಿ ಮುಖ್ಯಸ್ಥರ ಸಹಿ ಸಾಕು. ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಓ ಅವರ ಮೇಲುಸಹಿ ಕೇಳುವುದು ಹೆಚ್ಚಾಗಿ ಶಾಲೆಯ ವ್ಯಾಸಂಗ ಪತ್ರಕ್ಕೆ. ಶಾಲೆಯ ಮುಖ್ಯ ಶಿಕ್ಷಕರು ಮೊದಲು ಸಹಿ ಮಾಡಬೇಕು, ಆಮೇಲೆ ಬಿಇಓ ಕಚೇರಿ. ಅಲ್ಲಿ ಶಾಲೆಯ ದಾಖಲೆ ನೋಡಿ ಹೋಲಿಸುವುದರಿಂದ ರಿಜಿಸ್ಟರಿನ ಆ ಪುಟದ ದೃಢೀಕರಿಸಿದ ಪ್ರತಿಯನ್ನೂ ಜೊತೆಗೆ ತೆಗೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ.

ಶಾಲೆ ಯಾವ ಬಿಇಓ ವ್ಯಾಪ್ತಿಯಲ್ಲಿದೆಯೋ ಅವರೇ ಸಹಿ ಮಾಡಬೇಕು. ನೀವು ಈಗ ಇರುವ ಊರಿನವರಲ್ಲ. ಪ್ರೈಮರಿ ಒಂದು ತಾಲ್ಲೂಕಿನಲ್ಲಿ, ಹೈಸ್ಕೂಲು ಇನ್ನೊಂದು ತಾಲ್ಲೂಕಿನಲ್ಲಿ ಓದಿದ್ದರೆ ಎರಡು ಪತ್ರ, ಎರಡು ಕಚೇರಿ. ಒಂದೇ ಪತ್ರದಲ್ಲಿ ಎರಡು ಶಾಲೆಯ ವರ್ಷಗಳನ್ನು ಒಬ್ಬ ಹೆಡ್‌ಮಾಸ್ಟರ್ ಬರೆದುಕೊಡಲು ಆಗುವುದಿಲ್ಲ, ಅವರ ರಿಜಿಸ್ಟರಿನಲ್ಲಿ ಇರುವುದು ಅವರ ಶಾಲೆಯ ವರ್ಷಗಳು ಮಾತ್ರ.

## ಒಂದು ಪ್ರಸಂಗ: ಅಕ್ಕನ ಮಗನ ಸೈನ್ಯದ ರ್‍ಯಾಲಿ

ನಮ್ಮ ಅಕ್ಕನ ಮಗ ಪಿಯುಸಿ ಮುಗಿಸಿ, ಬಿಎ ಮೊದಲ ವರ್ಷಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅಗ್ನಿವೀರ್ ರ್‍ಯಾಲಿಗೆ ಕರೆ ಬಂತು. ರ್‍ಯಾಲಿಗೆ ಹತ್ತು ದಿನ ಇರುವಾಗ ಫೈಲು ಹಿಡಿದು ಮನೆಗೆ ಬಂದ. "ಮಾಮ, ಎಲ್ಲಾ ಇದೆ, ಒಂದ್ಸಲ ನೋಡಿ" ಅಂದ.

ಪಟ್ಟಿಯಲ್ಲಿ ನಡತೆಗೆ ಸಂಬಂಧಿಸಿದ ಪತ್ರ ಎರಡಿದ್ದವು. ಒಂದು, ಕೊನೆಗೆ ಓದಿದ ಶಾಲೆ ಅಥವಾ ಕಾಲೇಜಿನ ಮುಖ್ಯಸ್ಥರದ್ದು. ಇನ್ನೊಂದು, ಊರಿನ ಸರಪಂಚರು ಅಥವಾ ನಗರಸಭೆ ಕೊಟ್ಟ, ಫೋಟೊ ಇರುವ, 6 ತಿಂಗಳ ಒಳಗಿನ ಪತ್ರ. ಅವನ ಫೈಲಿನಲ್ಲಿ ಇದ್ದದ್ದು ಪಿಯು ಟಿಸಿಯ ಜೆರಾಕ್ಸ್, ಬಿಎ ಕಾಲೇಜಿನ ಬೋನಾಫೈಡ್, ಮತ್ತೆ ಎಂಟು ತಿಂಗಳ ಹಿಂದೆ ಬೇರೆ ಕೆಲಸಕ್ಕೆ ಪಂಚಾಯಿತಿಯಿಂದ ಪಡೆದ ನಡತೆ ಪತ್ರ. ಮೂರೂ ನಿಜವಾದ ಪತ್ರಗಳೇ. ಕೇಳಿದ್ದಕ್ಕೆ ಒಂದೂ ಹೊಂದುತ್ತಿರಲಿಲ್ಲ.

ಮೊದಲ ದಿನ ಪಂಚಾಯಿತಿಗೆ ಕಳಿಸಿದೆ. ಸರಪಂಚರು ಅಂದರೆ ನಮ್ಮಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರು. ಪಿಡಿಓ ಸಹಿ ಮಾತ್ರ ಹಾಕಿಸಿಕೊಂಡು ಬರಬೇಡ ಅಂತ ಹೇಳಿದ್ದೆ. ಅಧ್ಯಕ್ಷರು ಹೊಲದಲ್ಲಿದ್ದರು, ಸಂಜೆವರೆಗೆ ಕಾದು ಹೊಸ ದಿನಾಂಕದ ಪತ್ರಕ್ಕೆ ಸಹಿ ಪಡೆದ.

ಎರಡನೇ ದಿನ ಬಿಎ ಕಾಲೇಜಿಗೆ ಹೋದ. "ನೀನು ಬಂದು ನಾಲ್ಕು ತಿಂಗಳಾಯಿತು, ನಿನ್ನ ನಡತೆ ನಮಗೆಷ್ಟು ಗೊತ್ತು?" ಎಂದು ಕೇಳಿದರಂತೆ. ಅವರ ಮಾತು ನ್ಯಾಯವೇ. ನಾಲ್ಕು ತಿಂಗಳಿಗೆ ಸೀಮಿತ ಮಾಡಿ ಬರೆದುಕೊಡಿ ಅಂತ ಕೇಳು ಎಂದೆ. ಹಾಗೆ ಕೇಳಿದಾಗ, ಸೇರಿದ ದಿನಾಂಕದಿಂದ ಇಂದಿನವರೆಗೆ ನಡತೆ ಉತ್ತಮವಾಗಿದೆ ಎಂದು ಬರೆದುಕೊಟ್ಟರು. ಅವಧಿ ಚಿಕ್ಕದು ಅನ್ನುವ ಕಾರಣಕ್ಕೆ ಪಿಯು ಕಾಲೇಜಿನಿಂದಲೂ ಎರಡು ವರ್ಷದ ನಡತೆ ಪತ್ರ ತರಿಸಿದೆ. ಅಲ್ಲಿ ಪ್ರಾಂಶುಪಾಲರು ರಜೆಯಲ್ಲಿದ್ದರು. ಪ್ರಭಾರದವರು ಸಹಿ ಮಾಡಿದ್ದರು, ಆದರೆ ಸೀಲಿನಲ್ಲಿ ಬರಿ "ಪ್ರಾಂಶುಪಾಲರು" ಅಂತಿತ್ತು. ಮರುದಿನ ವಾಪಸ್ ಕಳಿಸಿ "ಪ್ರಭಾರ" ಎಂದು ಅವರ ಹೆಸರಿನ ಜೊತೆ ಹಾಕಿಸಿದೆವು.

ಒಟ್ಟು ನಾಲ್ಕು ದಿನ ಹಿಡಿಯಿತು. ಎಲ್ಲ ಪತ್ರ ಇಂಗ್ಲಿಷ್‌ನಲ್ಲಿ, ಎಲ್ಲದರಲ್ಲೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಹೆಸರು. ರ್‍ಯಾಲಿಯಲ್ಲಿ ಅವನ ಮುಂದೆ ನಿಂತಿದ್ದ ಹುಡುಗನನ್ನು ಹಳೆಯ ಪಂಚಾಯಿತಿ ಪತ್ರದ ಕಾರಣಕ್ಕೆ ಪಕ್ಕಕ್ಕೆ ನಿಲ್ಲಿಸಿದರಂತೆ. ಅವನ ಫೈಲು ನೋಡಿ ಮುಂದೆ ಕಳಿಸಿದರು.

## ಕೆಲಸ ನಿಂತುಹೋದರೆ ಏನು ಮಾಡಬೇಕು

ಶಾಲೆಯೇ ಮುಚ್ಚಿಹೋಗಿದ್ದರೆ: ರಿಜಿಸ್ಟರ್ ಎಲ್ಲಿಗೆ ಹೋಗಿದೆ ಅನ್ನುವುದೇ ಪ್ರಶ್ನೆ. ಬೇರೆ ಶಾಲೆಯ ಜೊತೆ ವಿಲೀನ ಆಗಿದ್ದರೆ ಅಲ್ಲಿ ಕೇಳಿ. ಇಲ್ಲದಿದ್ದರೆ ಆ ತಾಲ್ಲೂಕಿನ ಬಿಇಓ ಕಚೇರಿಯಲ್ಲಿ ಶಾಲೆಯ ಹೆಸರು, ಓದಿದ ವರ್ಷ, ಟಿಸಿ ಜೆರಾಕ್ಸ್ ಕೊಟ್ಟು ಲಿಖಿತವಾಗಿ ವಿಚಾರಿಸಿ.

ಫೀಸ್ ಬಾಕಿ ಅಂತ ತಡೆದಿದ್ದರೆ: ಎಷ್ಟು ಬಾಕಿ, ಯಾವ ವರ್ಷದ್ದು ಅನ್ನುವುದನ್ನು ಬರಹದಲ್ಲಿ ಕೇಳಿ. ಎಷ್ಟೋ ಸಲ ಲೈಬ್ರರಿಯ ಒಂದು ಪುಸ್ತಕ ವಾಪಸ್ ಬಂದಿಲ್ಲ ಅನ್ನುವುದಕ್ಕೇ ಪತ್ರ ನಿಂತಿರುತ್ತದೆ. 8ನೇ ತರಗತಿಯ ಒಳಗಿನ ಮಗುವಿಗೆ ಶಾಲೆ ಬದಲಿಸಲು ಟಿಸಿ ಬೇಕಾಗಿದ್ದು ಅದನ್ನು ತಡ ಮಾಡುತ್ತಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೆ ಅವಕಾಶವಿದೆ. ಆ ಮಾತು ಟಿಸಿಗೆ ಮಾತ್ರ, ನಡತೆ ಪತ್ರಕ್ಕಲ್ಲ.

ನಡತೆ ಪತ್ರ ಕೊಡುವುದಿಲ್ಲ ಅಂದರೆ: ಹಿಂದೆ ಏನಾದರೂ ಶಿಸ್ತು ಕ್ರಮ ಆಗಿದ್ದರೆ ಮುಚ್ಚಿಡಬೇಡಿ, ಫೈಲಿನಲ್ಲಿ ಇದ್ದೇ ಇರುತ್ತದೆ. ಪ್ರಾಂಶುಪಾಲರನ್ನು ನೇರವಾಗಿ ಭೇಟಿ ಮಾಡಿ. ಆ ಪ್ರಕರಣ ಯಾವಾಗ ಮುಗಿಯಿತು, ಆಮೇಲೆ ಏನೂ ಆಗಿಲ್ಲ ಅನ್ನುವುದನ್ನು ಅರ್ಜಿಯಲ್ಲೇ ಬರೆದುಕೊಡಿ. ಆಗ ಅವರಿಗೆ ಬರೆಯಲು ಒಂದು ಆಧಾರ ಸಿಗುತ್ತದೆ. ಏನೂ ಕಾರಣ ಇಲ್ಲದೆ ಅಲೆದಾಡಿಸುತ್ತಿದ್ದರೆ ಅರ್ಜಿಯನ್ನು ಆಫೀಸಿನಲ್ಲಿ ಕೊಟ್ಟು, ಜೆರಾಕ್ಸ್ ಮೇಲೆ ಸ್ವೀಕೃತಿ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಶಾಲೆಯಾದರೆ ಬಿಇಓ ಅವರಿಗೆ, ಪಿಯು ಕಾಲೇಜಾದರೆ ಜಿಲ್ಲೆಯ ಪದವಿ ಪೂರ್ವ ಶಿಕ್ಷಣದ ಉಪನಿರ್ದೇಶಕರಿಗೆ ಆ ಜೆರಾಕ್ಸ್ ಲಗತ್ತಿಸಿ ಬರೆಯಬಹುದು. ಸ್ವೀಕೃತಿ ಇಲ್ಲದ ದೂರಿಗೆ "ಅರ್ಜಿಯೇ ಬಂದಿಲ್ಲ" ಅನ್ನುವ ಉತ್ತರ ಬರುತ್ತದೆ.

ಪತ್ರ ಹಳೆಯದಾಗಿದ್ದರೆ: ಬೋನಾಫೈಡ್ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ. ತರಗತಿ ಬದಲಾದರೆ ಹೊಸದು ತೆಗೆದುಕೊಳ್ಳಿ. ನಡತೆ ಪತ್ರಕ್ಕೆ ಎಷ್ಟು ದಿನ ಅಂತ ಕೇಳಿದವರೇ ಹೇಳುತ್ತಾರೆ. ಹೇಳದಿದ್ದರೂ 6 ತಿಂಗಳ ಒಳಗಿನದ್ದು ಇಟ್ಟುಕೊಳ್ಳುವುದು ಕ್ಷೇಮ. ಎರಡು ಮೂಲ ಪ್ರತಿ ಪಡೆದು, ಒಂದನ್ನು ಮನೆಯಲ್ಲಿ ಲ್ಯಾಮಿನೇಷನ್ ಮಾಡಿಸದೆ ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಲ್ಯಾಮಿನೇಷನ್ ಮಾಡಿಸಿದರೆ ಆಮೇಲೆ ಅದರ ಮೇಲೆ ಯಾರ ಮೇಲುಸಹಿಯನ್ನೂ ಹಾಕಿಸಲು ಆಗುವುದಿಲ್ಲ.